ಅಂಗಡಿ, ಗಿರಾಕಿ, ಹಣ: ಫೋನಿನಲ್ಲಿ ಮಾರುವ ಮುನ್ನ ಮೂರು ಪರೀಕ್ಷೆ

(ತಿಗನಾರೆ ಸುತ್ತಿನ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಓದಿ ಹೇಳಲು)



ತಾಳವಾಡಿಯ ಸಂತೆಯಲ್ಲೋ ಚಾಮರಾಜನಗರದ ಅಂಗಡಿ ಬೀದಿಯಲ್ಲೋ ನಾವು ಹೆಣೆದ ಬುಟ್ಟಿಯನ್ನು ಮಾರುವಾಗ ಕೊಳ್ಳುವವರು ಕಣ್ಣೆದುರಿಗೇ ನಿಂತಿರುತ್ತಾರೆ. ಅವರು ಬುಟ್ಟಿಯನ್ನು ತಿರುಗಿಸಿ ನೋಡುತ್ತಾರೆ, ಚೌಕಾಸಿ ಮಾಡುತ್ತಾರೆ, ನೋಟು ಎಣಿಸಿ ಕೊಡುತ್ತಾರೆ. ನೋಟು ನಮ್ಮ ಕೈಗೆ ಬಂದ ಮೇಲೆ ಬುಟ್ಟಿ ಅವರ ಕೈಗೆ ಹೋಗುತ್ತದೆ. ಫೋನಿನಲ್ಲಿ ಮಾರುವಾಗ ಹೀಗಿಲ್ಲ. ಅಲ್ಲಿ ಅಂಗಡಿಯೂ ಚಿತ್ರ, ಗಿರಾಕಿಯೂ ಬರೀ ಧ್ವನಿ, ಹಣವೂ ಪರದೆಯ ಮೇಲಿನ ಅಕ್ಷರ. ಈ ಮೂರರಲ್ಲಿ ಯಾವುದು ಬೇಕಾದರೂ ಸುಳ್ಳಾಗಿರಬಹುದು.

ಆದ್ದರಿಂದ ವೈರ್ ಬ್ಯಾಗು, ಲಂಟಾನ ಕಡ್ಡಿಯ ಬುಟ್ಟಿ, ಕಸೂತಿ, ಹೊಲಿಗೆ ಏನನ್ನೇ ಮಾರಲಿ, ಮೂರು ಪ್ರಶ್ನೆಗಳನ್ನು ಈ ಕ್ರಮದಲ್ಲಿ ಕೇಳಿಕೊಳ್ಳಬೇಕು. ಅಂಗಡಿ ನಿಜವೇ? ಗಿರಾಕಿ ನಿಜವೇ? ಹಣ ನಿಜವಾಗಿ ಬಂದಿದೆಯೇ? ಮೊದಲಿನ ಎರಡರಲ್ಲಿ ಬುದ್ಧಿವಂತ ವಂಚಕನು ನಮ್ಮ ಕಣ್ಣಿಗೆ ಮಣ್ಣೆರಚಬಲ್ಲ. ಮೂರನೆಯದರಲ್ಲಿ ಮಾತ್ರ, ನಾವು ಸರಿಯಾದ ಜಾಗದಲ್ಲಿ ನೋಡಿದರೆ, ಅವನ ಆಟ ನಡೆಯುವುದಿಲ್ಲ. ಒಂದೊಂದಾಗಿ ನೋಡೋಣ.

ಅಂಗಡಿ ನಿಜವೇ?

ಅಂತರ್ಜಾಲದಲ್ಲಿ ಮಾರಾಟದ ತಾಣವೆಂದರೆ ಸಂತೆಯ ಮೈದಾನವಿದ್ದಂತೆ. ಮೈದಾನದವನು ಜಾಗ ಕೊಡುತ್ತಾನೆ, ಸುಂಕ ತೆಗೆದುಕೊಳ್ಳುತ್ತಾನೆ. ಹೆಚ್ಚಿನ ತಾಣಗಳು ನಮ್ಮ ಸಾಮಾನು ಮಾರಾಟವಾದ ಮೇಲೆ ಬಂದ ಹಣದಲ್ಲಿ ತಮ್ಮ ಪಾಲನ್ನು ಹಿಡಿದುಕೊಂಡು ಉಳಿದದ್ದನ್ನು ನಮ್ಮ ಖಾತೆಗೆ ಹಾಕುತ್ತವೆ. ಸುಳ್ಳು ತಾಣದವನಿಗೆ ನಮ್ಮ ಬುಟ್ಟಿ ಮಾರಾಟವಾಗುವುದು ಬೇಕಿಲ್ಲ. ಅವನಿಗೆ ಬೇಕಾದದ್ದು ಮುಂಗಡ ಮಾತ್ರ. ‘ನೋಂದಣಿಗೆ 1,500 ರೂಪಾಯಿ’, ‘ಜಿ.ಎಸ್.ಟಿ. ಮಾಡಿಸಲು 2,000’, ‘ಭದ್ರತಾ ಠೇವಣಿ, ಮೊದಲ ಮಾರಾಟವಾದ ಮೇಲೆ ವಾಪಸ್’ ಎಂದು ಒಂದರ ಹಿಂದೆ ಒಂದು ಬರುತ್ತದೆ. ಕೊಟ್ಟಷ್ಟೂ ಹೊಸ ಕಾರಣ ಹುಟ್ಟುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ತಿಳಿದಿರಬೇಕು. ಸರ್ಕಾರದಲ್ಲಿ ಜಿ.ಎಸ್.ಟಿ. ನೋಂದಣಿಗೆ ಶುಲ್ಕವಿಲ್ಲ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಗೂ ಶುಲ್ಕವಿಲ್ಲ. ಅರ್ಜಿ ತುಂಬಿಕೊಟ್ಟವರು ತಮ್ಮ ಕೂಲಿ ಕೇಳಬಹುದು, ಅದು ಬೇರೆ. ಆದರೆ ‘ಇದು ಸರ್ಕಾರಕ್ಕೆ ಕಟ್ಟುವ ಫೀಸು’ ಎಂದು ಯಾರಾದರೂ ಹೇಳಿದರೆ ಅವರ ಮೊದಲ ಮಾತೇ ಸುಳ್ಳು. ಇನ್ನೊಂದು ಕಡೆ, ವರ್ಷದ ಚಂದಾ ಪಡೆಯುವ ನಿಜವಾದ ತಾಣಗಳೂ ಇವೆ. ಆದ್ದರಿಂದ ಹಣ ಕೇಳಿದ ಮಾತ್ರಕ್ಕೆ ಕಳ್ಳರೆಂದು ತೀರ್ಮಾನಿಸಬೇಕಾಗಿಲ್ಲ. ಕೆಳಗಿನ ಪರೀಕ್ಷೆಗಳು ಮುಗಿಯುವ ತನಕ ಕೊಡಬಾರದು, ಮತ್ತು ಯಾವುದೋ ವ್ಯಕ್ತಿಯ ಮೊಬೈಲ್ ನಂಬರಿಗೆ ಎಂದಿಗೂ ಕೊಡಬಾರದು.

ಮೊದಲ ಪರೀಕ್ಷೆ ತಾಣದ ವಿಳಾಸ. ಕಾಗದದ ಮೇಲೆ ವಿಳಾಸ ಬರೆಯುವಾಗ ಮೊದಲು ಮನೆಯ ಹೆಸರು, ಕೊನೆಗೆ ಜಿಲ್ಲೆ. ಹಾಗೆಯೇ ಅಂತರ್ಜಾಲದ ವಿಳಾಸದಲ್ಲಿಯೂ ಯಜಮಾನನ ಹೆಸರು ಇರುವುದು ಕೊನೆಯಲ್ಲಿ. `https://` ಆದ ಮೇಲೆ ಬರುವ ಮೊದಲ ಓರೆಗೆರೆಯ ತನಕ ಓದಿ, ಅಲ್ಲಿಂದ ಹಿಂದಕ್ಕೆ ನೋಡಬೇಕು. ಕೈಮಗ್ಗ ಮತ್ತು ಕರಕುಶಲ ವಸ್ತುಗಳಿಗಾಗಿ ಕೇಂದ್ರದ ಜವಳಿ ಮಂತ್ರಾಲಯವು ನಡೆಸುವ ತಾಣ ಹೀಗಿದೆ:

```
https://www.indiahandmade.com/
```

ಯಾರೋ ಕಳಿಸಿದ ಲಿಂಕು ಹೀಗಿದೆ ಎಂದುಕೊಳ್ಳಿ:

```
https://www.indiahandmade.com.example.net/seller
```

ಎರಡನೆಯದರಲ್ಲಿಯೂ ಮಂತ್ರಾಲಯದ ತಾಣದ ಹೆಸರು ಇಡೀಯಾಗಿ ಕಾಣುತ್ತದೆ. ಆದರೆ ಓರೆಗೆರೆಗೆ ಹತ್ತಿರವಿರುವುದು `example.net`. ಅಂದರೆ ಆ ಪುಟದ ಯಜಮಾನ `example.net` ಎಂಬವನು, ಮಂತ್ರಾಲಯವಲ್ಲ. (ಇದು ಪಾಠ ಹೇಳಿಕೊಡಲೆಂದೇ ಮೀಸಲಿಟ್ಟ ಹೆಸರು. ವಂಚಕನು ಇದರ ಜಾಗದಲ್ಲಿ ತಾನು ಕೊಂಡ ಯಾವುದಾದರೂ ಹೆಸರನ್ನು ಇಟ್ಟಿರುತ್ತಾನೆ.) ಮುಂದಿರುವ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ನಮ್ಮ ಮನೆ ಬಾಗಿಲಿಗೆ ‘ಕಲೆಕ್ಟರ್ ಕಚೇರಿ’ ಎಂದು ಬರೆದರೆ ಮನೆ ಕಚೇರಿಯಾಗುವುದಿಲ್ಲವಲ್ಲ, ಹಾಗೆ.

ಕೊನೆಯಲ್ಲಿ `.gov.in` ಎಂದಿದ್ದರೆ ಅದು ಸರ್ಕಾರಿ ಕಚೇರಿಗಳಿಗೆ ಮಾತ್ರ ಸಿಗುವ ಹೆಸರು. ಆದರೆ ಸರ್ಕಾರ ನಡೆಸುವ ತಾಣಗಳೆಲ್ಲವೂ ಹಾಗೆ ಕೊನೆಗೊಳ್ಳುವುದಿಲ್ಲ. ಮೇಲೆ ಹೇಳಿದ `indiahandmade.com` ಹಾಗಿಲ್ಲ. ಸ್ವಸಹಾಯ ಸಂಘಗಳ ವಸ್ತುಗಳಿಗಾಗಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಮಂತ್ರಾಲಯ ನಡೆಸುವ `esaras.in` ಕೂಡ ಹಾಗಿಲ್ಲ. ಆದ್ದರಿಂದ ಬೇರೆಯವರು ಕಳಿಸಿದ ಲಿಂಕನ್ನು ಒತ್ತುವ ಬದಲು, ನಿಮಗೆ ಗೊತ್ತಿರುವ ವಿಳಾಸವನ್ನು ನೀವೇ ಅಕ್ಷರ ಅಕ್ಷರವಾಗಿ ಬರೆದು ತೆರೆಯುವುದೇ ಕ್ಷೇಮ. ಗೊತ್ತಿಲ್ಲದಿದ್ದರೆ ಮಹಿಳಾ ಸಂಘಗಳ ಕೆಲಸ ನೋಡುವ ಬ್ಲಾಕ್ ಕಚೇರಿಯಲ್ಲಿ ಕೇಳಿ ಬರೆದುಕೊಂಡು ಬನ್ನಿ.

ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರವಿದ್ದರೆ ಸಾಕು, ತಾಣ ನಂಬಬಹುದು ಎಂದು ಹಲವರು ಹೇಳುತ್ತಾರೆ. ಬೆಳ್ಳಗಿರುವುದೆಲ್ಲಾ ಹಾಲಲ್ಲ. ನಿಮಗೂ ಆ ತಾಣಕ್ಕೂ ನಡುವೆ ಹೋಗುವ ಮಾತನ್ನು ದಾರಿಯಲ್ಲಿ ಮೂರನೆಯವನು ಓದಲಾರ ಎನ್ನುವುದಷ್ಟೇ ಆ ಬೀಗದ ಅರ್ಥ. ಆ ತುದಿಯಲ್ಲಿ ಕುಳಿತವನು ಕಳ್ಳನಾದರೆ ನಿಮ್ಮ ಮಾತು ಭದ್ರವಾಗಿ ಕಳ್ಳನನ್ನೇ ತಲುಪುತ್ತದೆ.

ಎರಡನೆಯ ಪರೀಕ್ಷೆ ಯಜಮಾನನ ಹೆಸರು. 2020ರ ಗ್ರಾಹಕ ರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಮಾರಾಟದ ತಾಣವು ತನ್ನ ಕಾನೂನುಬದ್ಧ ಹೆಸರು, ಮುಖ್ಯ ಕಚೇರಿಯ ವಿಳಾಸ, ಸಂಪರ್ಕದ ವಿವರ, ದೂರು ಕೇಳುವ ಅಧಿಕಾರಿಯ ಹೆಸರು ಇವನ್ನು ತನ್ನ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಪುಟದ ಅಡಿಯಲ್ಲಿ ಹುಡುಕಿ. ಬರೀ ಒಂದು ವಾಟ್ಸಾಪ್ ನಂಬರ್ ಮಾತ್ರ ಇದ್ದರೆ ಅಲ್ಲಿಗೇ ನಿಲ್ಲಿಸಿ.

ಹೆಸರು ಸಿಕ್ಕಿದರೆ ಅವರ ಜಿ.ಎಸ್.ಟಿ. ಸಂಖ್ಯೆಯನ್ನು ಕೇಳಿ ಪಡೆಯಿರಿ. ಅದರಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ ಗುರುತು: ತಮಿಳುನಾಡಿಗೆ 33, ಕರ್ನಾಟಕಕ್ಕೆ 29. ಅದಾದ ಮೇಲೆ ಬರುವ ಹತ್ತು ಅವರ ಪಾನ್ ಸಂಖ್ಯೆ. ಒಟ್ಟು ಸಂಖ್ಯೆಯಲ್ಲಿ ಆರನೆಯ ಅಕ್ಷರ P ಆಗಿದ್ದರೆ ಅದು ಒಬ್ಬ ವ್ಯಕ್ತಿಯದು, C ಆಗಿದ್ದರೆ ಕಂಪನಿಯದು, F ಆಗಿದ್ದರೆ ಪಾಲುದಾರಿಕೆಯದು. ‘ನಮ್ಮದು ಬೆಂಗಳೂರಿನ ದೊಡ್ಡ ಕಂಪನಿ’ ಎನ್ನುವವನು ಕೊಟ್ಟ ಸಂಖ್ಯೆಯಲ್ಲಿ ಆರನೆಯ ಅಕ್ಷರ P ಎಂದಿದ್ದರೆ, ಅಥವಾ ಮೊದಲ ಎರಡು ಅಂಕಿ ಬೇರೆ ಯಾವುದೋ ರಾಜ್ಯದ್ದಾಗಿದ್ದರೆ, ಕಾರಣ ಕೇಳಲೇಬೇಕು.

ನಂತರ `gst.gov.in` ತಾಣಕ್ಕೆ ಹೋಗಿ `Search Taxpayer` ಎಂಬಲ್ಲಿ ಆ ಸಂಖ್ಯೆಯನ್ನು ಹಾಕಿ. ಇದಕ್ಕೆ ನಿಮಗೆ ಖಾತೆಯೂ ಬೇಕಿಲ್ಲ, ಹಣವೂ ಬೇಕಿಲ್ಲ. ಅಲ್ಲಿ ನಾಲ್ಕು ವಿಷಯ ನೋಡಬೇಕು. ಕಾನೂನುಬದ್ಧ ಹೆಸರು ತಾಣದಲ್ಲಿರುವ ಹೆಸರಿಗೆ ಹೊಂದುತ್ತದೆಯೇ, ಊರು ಹೊಂದುತ್ತದೆಯೇ, ನೋಂದಣಿ ಯಾವ ದಿನದಿಂದ, ಈಗಿನ ಸ್ಥಿತಿ `Active` ಎಂದಿದೆಯೇ ಅಥವಾ `Cancelled` ಎಂದಿದೆಯೇ. ‘ಹತ್ತು ವರ್ಷದಿಂದ ವ್ಯಾಪಾರ’ ಎನ್ನುವವರ ನೋಂದಣಿ ಹೋದ ತಿಂಗಳಿನದಾಗಿದ್ದರೆ ಉತ್ತರ ನಿಮಗೇ ತಿಳಿಯುತ್ತದೆ.

ಈ ಪರೀಕ್ಷೆಗೂ ಒಂದು ಮಿತಿಯಿದೆ. ಬೇರೆ ಯಾವುದೋ ಒಳ್ಳೆಯ ಕಂಪನಿಯ ಬಿಲ್ಲಿನಿಂದ ಸಂಖ್ಯೆಯನ್ನು ಕದ್ದು ತನ್ನದೆಂದು ವಂಚಕನು ಕೊಡಬಹುದು. ಆಗ ಸಂಖ್ಯೆ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಹಣ ಕಟ್ಟಲು ಹೇಳಿದ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿ. ಯುಪಿಐ ಮೂಲಕ ಹಣ ಕಳಿಸುವ ಮುನ್ನ, ಪಿನ್ ಕೇಳುವುದಕ್ಕೂ ಮೊದಲೇ, ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಜಿ.ಎಸ್.ಟಿ. ಕಂಪನಿಯ ಹೆಸರಿನಲ್ಲಿದ್ದು ಹಣ ಪಡೆಯುವವನು ಬೇರೆ ವ್ಯಕ್ತಿಯಾಗಿದ್ದರೆ ಅಲ್ಲಿಂದ ಹಿಂದಿರುಗಿ.

ಗಿರಾಕಿ ನಿಜವೇ?

ಈಗ ಎರಡನೆಯದಕ್ಕೆ ಬರೋಣ. ತಾಣ ನಿಜವಾಗಿದ್ದ ಮಾತ್ರಕ್ಕೆ ಅಲ್ಲಿ ಬರುವ ಗಿರಾಕಿಯೂ ನಿಜವೆಂದು ಅರ್ಥವಲ್ಲ. ಸಂತೆ ಒಳ್ಳೆಯದಿದ್ದರೂ ಜೇಬುಗಳ್ಳರು ಬರುವುದಿಲ್ಲವೇ?

ದೆಹಲಿಯಲ್ಲಿ 2021ರ ಫೆಬ್ರವರಿಯಲ್ಲಿ ನಡೆದು ಪತ್ರಿಕೆಗಳಲ್ಲಿ ಬಂದ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಓದುಬರಹ ಚೆನ್ನಾಗಿ ಬಲ್ಲ ಒಬ್ಬ ಯುವತಿ ಮನೆಯ ಹಳೆಯ ಸೋಫಾ ಒಂದನ್ನು ಮಾರಲು ಹೆಸರಾಂತ ತಾಣದಲ್ಲಿ ಪ್ರಕಟಿಸಿದರು. ಕೊಳ್ಳುತ್ತೇನೆಂದು ಒಬ್ಬನು ಮುಂದೆ ಬಂದ. ‘ನಿಮ್ಮ ಖಾತೆ ಸರಿಯಿದೆಯೇ ನೋಡುತ್ತೇನೆ’ ಎಂದು ಮೊದಲು ಒಂದು ಸಣ್ಣ ಮೊತ್ತವನ್ನು ನಿಜವಾಗಿಯೇ ಹಾಕಿದ. ಅದು ಬಂದು ಸೇರಿತು. ಆ ಮೇಲೆ ಒಂದು ಕ್ಯೂಆರ್ ಚಿತ್ರ ಕಳಿಸಿ, ‘ಇದನ್ನು ಸ್ಕ್ಯಾನ್ ಮಾಡಿ, ಉಳಿದ ಹಣ ಬರುತ್ತದೆ’ ಎಂದ. ಆಕೆ ಹಾಗೆ ಮಾಡಿದಾಗ ಖಾತೆಗೆ ಹಣ ಬರುವ ಬದಲು 20,000 ರೂಪಾಯಿ ಹೋಯಿತು. ಕೇಳಿದ್ದಕ್ಕೆ ‘ತಪ್ಪು ಚಿತ್ರ ಕಳಿಸಿಬಿಟ್ಟೆ, ಇದನ್ನು ಮಾಡಿ, ಎಲ್ಲವೂ ವಾಪಸ್ ಬರುತ್ತದೆ’ ಎಂದು ಇನ್ನೊಂದನ್ನು ಕಳಿಸಿದ. ಆಗ ಇನ್ನೂ 14,000 ಹೋಯಿತು. ಒಟ್ಟು 34,000.

ಇದರಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲು ಬಂದ ಸಣ್ಣ ಮೊತ್ತವೇ ಗಾಳದ ಹುಳು. ಒಂದು ಸಲ ನಿಜವಾಗಿ ಹಣ ಬಂದರೆ ನಂಬಿಕೆ ಹುಟ್ಟುತ್ತದೆ ಎಂದು ಅವನಿಗೆ ಗೊತ್ತು. ಎರಡನೆಯದಾಗಿ, ಕಳೆದುಹೋದದ್ದು ವಾಪಸ್ ಬರಬೇಕೆಂಬ ಆತುರದಲ್ಲಿ ಮನುಷ್ಯರು ಎರಡನೆಯ ಸಲ ಯೋಚಿಸದೆ ಮಾಡುತ್ತಾರೆ. ಅದಕ್ಕಾಗಿಯೇ ‘ತಪ್ಪಾಯಿತು, ಮತ್ತೊಮ್ಮೆ ಮಾಡಿ’ ಎಂಬ ಮಾತು ಬರುವುದು.

ಕ್ಯೂಆರ್ ಎಂದರೇನೆಂದು ತಿಳಿದರೆ ಈ ಬಲೆ ತಾನಾಗಿಯೇ ಹರಿಯುತ್ತದೆ. ಆ ಚೌಕಳಿ ಚಿತ್ರ ಬರೀ ವಿಳಾಸ. ‘ಹಣವನ್ನು ಈ ಖಾತೆಗೆ ಕಳಿಸಿ’ ಎಂದು ಅದರಲ್ಲಿ ಬರೆದಿರುತ್ತದೆ. ಅದನ್ನು ಸ್ಕ್ಯಾನ್ ಮಾಡುವವರು ಕೊಡುವವರು, ಅದನ್ನು ತೋರಿಸುವವರು ಪಡೆಯುವವರು. ಅಂಗಡಿಯಲ್ಲಿ ಸಕ್ಕರೆ ಕೊಂಡಾಗ ನಾವು ಅಂಗಡಿಯವರ ಚಿತ್ರವನ್ನು ಸ್ಕ್ಯಾನ್ ಮಾಡುತ್ತೇವೆ, ನಮ್ಮ ಹಣ ಹೋಗುತ್ತದೆ. ಆದ್ದರಿಂದ ಬುಟ್ಟಿ ಮಾರುವವರು ನಾವಾದಾಗ ಚಿತ್ರ ನಮ್ಮದಾಗಿರಬೇಕು, ಸ್ಕ್ಯಾನ್ ಮಾಡುವವರು ಗಿರಾಕಿಯಾಗಿರಬೇಕು. ಇದು ತಿರುವುಮುರುವಾದರೆ ಅಲ್ಲಿ ಮೋಸವಿದೆ.

ಪಿನ್ ಸಂಖ್ಯೆಯ ವಿಷಯವೂ ಹಾಗೆಯೇ. ಪಿನ್ ಎಂದರೆ ನಮ್ಮ ಪೆಟ್ಟಿಗೆಯ ಬೀಗದ ಕೈ. ಪೆಟ್ಟಿಗೆಯಿಂದ ಹಣ ತೆಗೆಯಲು ಬೀಗ ತೆರೆಯಬೇಕು. ಯುಪಿಐನಲ್ಲಿ ಹಣ ಬಂದು ಬೀಳಲು ಬೀಗ ತೆರೆಯಬೇಕಾಗಿಲ್ಲ, ಗೋಲಕದ ಸೀಳಿನಿಂದ ಬಿದ್ದಂತೆ ತಾನಾಗಿ ಬೀಳುತ್ತದೆ. ಹಣ ಪಡೆಯಲು ಪಿನ್ ಒತ್ತಿ ಎಂದು ಹೇಳುವವರು ಯಾರೇ ಆಗಿರಲಿ, ನಮ್ಮ ಹಣ ತೆಗೆಯಲು ಬಂದವರು.

ಇದೇ ಬಲೆಯ ಇನ್ನೊಂದು ರೂಪ ಹಿಂದೆ ಬಹಳ ನಡೆಯುತ್ತಿತ್ತು. ಗಿರಾಕಿಯೆಂದು ಹೇಳಿಕೊಂಡವನು ‘ಹಣ ಕೊಡಿ’ ಎಂಬ ಕೋರಿಕೆಯನ್ನು ಯುಪಿಐ ಮೂಲಕ ಕಳಿಸಿ, ಅದನ್ನು ಒಪ್ಪಿದರೆ ಹಣ ಬರುತ್ತದೆ ಎಂದು ನಂಬಿಸುತ್ತಿದ್ದ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಇಂತಹ ಕೋರಿಕೆಗಳನ್ನು ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಆದರೆ ಕ್ಯೂಆರ್ ಚಿತ್ರ, ಲಿಂಕು ಇವು ಉಳಿದಿವೆ. ಆದ್ದರಿಂದ ಎಚ್ಚರಿಕೆ ಬಿಡುವ ಹಾಗಿಲ್ಲ.

ಇಂತಹ ಗಿರಾಕಿಯನ್ನು ಮಾತಿನಲ್ಲಿಯೇ ಗುರುತಿಸಬಹುದು. ಅವನು ಚೌಕಾಸಿ ಮಾಡುವುದಿಲ್ಲ. ಬುಟ್ಟಿಯ ಅಳತೆ, ಹಿಡಿಕೆ, ಬಣ್ಣ ಏನನ್ನೂ ಕೇಳುವುದಿಲ್ಲ. ಹಲವರು ಸೈನ್ಯದಲ್ಲಿದ್ದೇನೆಂದು ಹೇಳಿ ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಕಳಿಸುತ್ತಾರೆ. ಸೈನಿಕರ ಮೇಲೆ ನಮಗಿರುವ ಗೌರವವೇ ಅವರ ಬಂಡವಾಳ. ಆ ಚೀಟಿ ಬೇರೆಯವರಿಂದ ಕದ್ದದ್ದು ಅಥವಾ ತಯಾರಿಸಿದ್ದು. ‘ಈಗಲೇ ಆಗಬೇಕು, ಗಾಡಿ ಹೊರಟಿದೆ’ ಎಂದು ಅವಸರ ಮಾಡುತ್ತಾರೆ, ಫೋನ್ ಇಡಲು ಬಿಡುವುದಿಲ್ಲ. ನಿಜವಾಗಿ ಬುಟ್ಟಿ ಬೇಕಾದವರು ಬುಟ್ಟಿಯ ಬಗ್ಗೆ ಮಾತನಾಡುತ್ತಾರೆ.

ತಾಣದ ಮೂಲಕ ಬಂದ ಗಿರಾಕಿಯು ‘ಅಲ್ಲಿ ಬೇಡ, ವಾಟ್ಸಾಪಿಗೆ ಬನ್ನಿ, ನಿಮಗೆ ಕಮಿಷನ್ ಉಳಿಯುತ್ತದೆ’ ಎಂದರೆ ಒಪ್ಪಬಾರದು. ತಾಣದೊಳಗೆ ನಡೆದ ವ್ಯವಹಾರಕ್ಕೆ ದಾಖಲೆಯಿರುತ್ತದೆ, ದೂರು ಕೊಡಲು ಜಾಗವಿರುತ್ತದೆ. ಹೊರಗೆ ಬಂದರೆ ನಾವು ಮತ್ತು ಅವನು ಮಾತ್ರ. ಅವನು ಕಳಿಸುವ ಯಾವುದೇ ಆ್ಯಪನ್ನು, ಅದರಲ್ಲೂ ಹೆಸರಿನ ಕೊನೆಗೆ `.apk` ಎಂದಿರುವುದನ್ನು, ಫೋನಿಗೆ ಹಾಕಿಕೊಳ್ಳಬಾರದು. ಅಂತಹವುಗಳಲ್ಲಿ ಕೆಲವು ನಮಗೆ ಬರುವ ಎಸ್ಸೆಮ್ಮೆಸ್‌ಗಳನ್ನು ಅವನಿಗೆ ತಲುಪಿಸುತ್ತವೆ.

ಹಣ ನಿಜವಾಗಿ ಬಂದಿದೆಯೇ?

ಇದೇ ಎಲ್ಲಕ್ಕಿಂತ ಮುಖ್ಯ. ಒಂದು ಉದಾಹರಣೆ ತೆಗೆದುಕೊಂಡು ಲೆಕ್ಕ ಮಾಡೋಣ.

ನಿಮ್ಮ ಸಂಘಕ್ಕೆ 40 ವೈರ್ ಬ್ಯಾಗಿನ ಆರ್ಡರ್ ಬಂದಿದೆ. ಒಂದಕ್ಕೆ 350 ರೂಪಾಯಿ. ಒಟ್ಟು 14,000. ಅದರಲ್ಲಿ ವೈರಿಗೇ 6,000 ತಗಲುತ್ತದೆ ಎಂದಿಟ್ಟುಕೊಳ್ಳಿ. ಉಳಿದದ್ದು ಹತ್ತು ಜನರ ಕೈಕೆಲಸ. ಗಿರಾಕಿ ಎಲ್ಲವನ್ನೂ ಒಪ್ಪುತ್ತಾನೆ. ಸ್ವಲ್ಪ ಹೊತ್ತಿಗೆ ನಿಮ್ಮ ಫೋನಿಗೆ ‘ನಿಮ್ಮ ಖಾತೆಗೆ ರೂ. 41,000 ಜಮಾ ಆಗಿದೆ’ ಎಂಬ ಎಸ್ಸೆಮ್ಮೆಸ್ ಬರುತ್ತದೆ. ಕೂಡಲೇ ಅವನ ಫೋನು: ‘ಅಯ್ಯೋ ಅಕ್ಕಾ, 14,000 ಹಾಕುವ ಬದಲು 41,000 ಹಾಕಿಬಿಟ್ಟೆ. ಹೆಂಡತಿಯ ಆಸ್ಪತ್ರೆಯ ಹಣ. 27,000 ವಾಪಸ್ ಹಾಕಿ, ಪುಣ್ಯ ಬರುತ್ತದೆ.’ ಕರುಣೆಯಿಂದ ನೀವು ಸಂಘದ ಉಳಿತಾಯದಿಂದ 27,000 ಕಳಿಸುತ್ತೀರಿ. ಸಂಜೆ ನೋಡಿದರೆ 41,000 ಬಂದೇ ಇಲ್ಲ. ಆ ಎಸ್ಸೆಮ್ಮೆಸನ್ನು ಬ್ಯಾಂಕು ಕಳಿಸಿರಲಿಲ್ಲ, ಅವನೇ ತನ್ನ ಫೋನಿನಿಂದ ಕಳಿಸಿದ್ದ.

ಇದನ್ನು ತಿಳಿಯುವುದು ಹೇಗೆ? ಬ್ಯಾಂಕಿನ ಎಸ್ಸೆಮ್ಮೆಸ್ ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಬರುವುದಿಲ್ಲ, ಅಕ್ಷರಗಳ ಹೆಸರಿನಿಂದ ಬರುತ್ತದೆ. ಆದರೆ ಇಷ್ಟನ್ನೇ ನಂಬಿ ಕೂರಬೇಡಿ. ಎಸ್ಸೆಮ್ಮೆಸ್ ಆಗಲಿ, ‘ಪಾವತಿ ಯಶಸ್ವಿ’ ಎಂಬ ಹಸಿರು ಚಿತ್ರವಾಗಲಿ ಹಣವಲ್ಲ. ಹಣ ಪಾವತಿಯ ಆ್ಯಪಿನಂತೆಯೇ ಕಾಣುವ ನಕಲಿ ಆ್ಯಪುಗಳಿಂದ ಅಂತಹ ಹಸಿರು ಚಿತ್ರವನ್ನು ಎಷ್ಟು ಮೊತ್ತಕ್ಕೆ ಬೇಕಾದರೂ ತಯಾರಿಸಬಹುದು. ನೋಡಬೇಕಾದದ್ದು ನಿಮ್ಮ ಖಾತೆಯ ಬಾಕಿಯನ್ನು ಮಾತ್ರ. ನಿಮ್ಮ ಆ್ಯಪನ್ನು ನೀವೇ ತೆರೆದು ಬಾಕಿ ನೋಡಿ, ಅಥವಾ ಬ್ಯಾಂಕಿನಲ್ಲಿ ಪಾಸ್‌ಬುಕ್ ಬರೆಸಿ. ಪ್ರತಿ ಯುಪಿಐ ಪಾವತಿಗೂ 12 ಅಂಕಿಯ ಒಂದು ಸಂಖ್ಯೆಯಿರುತ್ತದೆ. ಗಿರಾಕಿಯಿಂದ ಅದನ್ನು ಕೇಳಿ ಪಡೆದು, ನಿಮ್ಮ ಖಾತೆಯ ವಿವರದಲ್ಲಿ ಅದೇ ಸಂಖ್ಯೆ ಇದೆಯೇ ನೋಡಿ. ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದೆ ಬಾಕಿ ನೋಡಲಾಗದಿದ್ದರೆ ಸಿಗುವ ತನಕ ಕಾಯಿರಿ. ಸಾಮಾನು ಮನೆಯಲ್ಲೇ ಇರಲಿ. ನಿಜವಾದ ಗಿರಾಕಿ ಅರ್ಧ ದಿನ ಕಾಯುತ್ತಾನೆ.

ಒಂದು ವೇಳೆ ಹೆಚ್ಚಿನ ಹಣ ನಿಜವಾಗಿಯೇ ಖಾತೆಗೆ ಬಂದಿದ್ದರೆ? ಆಗಲೂ ಅವನು ಹೇಳಿದ ಖಾತೆಗೆ ನೀವಾಗಿ ತಿರುಗಿ ಕಳಿಸಬಾರದು. ಬೇರೆ ಯಾರಿಂದಲೋ ಕದ್ದ ಹಣವನ್ನು ನಿಮ್ಮ ಖಾತೆಯ ಮೂಲಕ ದಾಟಿಸುವ ಉಪಾಯ ಅದಾಗಿರಬಹುದು. ಹಣ ಕಳೆದುಕೊಂಡವರು ದೂರು ಕೊಟ್ಟಾಗ ಆ ಹಣ ಹಾದುಹೋದ ಖಾತೆಗಳನ್ನು ಒಂದೊಂದಾಗಿ ತಡೆಹಿಡಿಯುತ್ತಾರೆ. ನಿಮ್ಮ ಖಾತೆಯೂ ನಿಂತುಹೋಗಬಹುದು. ಆದ್ದರಿಂದ ಬ್ಯಾಂಕಿನ ಶಾಖೆಗೆ ಹೋಗಿ ಬರೆದುಕೊಡಿ: ‘ಈ ದಿನ ಈ ಹಣ ತಪ್ಪಾಗಿ ಬಂದಿದೆ, ಬಂದ ಖಾತೆಗೇ ಬ್ಯಾಂಕಿನ ಮೂಲಕ ತಿರುಗಿಸಿ.’ ಅವನಿಗೂ ‘ನಿಮ್ಮ ಬ್ಯಾಂಕಿನ ಮೂಲಕವೇ ಕೇಳಿ’ ಎಂದು ಹೇಳಿ. ಪ್ರಾಮಾಣಿಕನಾಗಿದ್ದರೆ ಅವನಿಗೆ ಇದರಿಂದ ನಷ್ಟವಿಲ್ಲ.

ಸಂಘದೊಳಗೆ ಮಾಡಿಕೊಳ್ಳಬೇಕಾದ ಏರ್ಪಾಡು

ಆ 40 ಬ್ಯಾಗಿನ ಆರ್ಡರನ್ನು ಕ್ಷೇಮವಾಗಿ ನಡೆಸುವುದು ಹೇಗೆಂದು ಈಗ ನೋಡೋಣ. ಗೊತ್ತಿಲ್ಲದ ಗಿರಾಕಿಗೆ ಮೊದಲು 2 ಬ್ಯಾಗನ್ನು ಮಾದರಿಯಾಗಿ ಪೂರ್ತಿ ಬೆಲೆಗೆ ಮಾರಿ. ಅದು ಸರಿಯಾಗಿ ನಡೆದರೆ ಉಳಿದ 38ಕ್ಕೆ ಬರಬೇಕಾದದ್ದು 13,300. ವೈರ್ ಕೊಳ್ಳುವ ಮುನ್ನ ವೈರಿನ ಬೆಲೆಯಾದ 6,000ವನ್ನಾದರೂ ಮುಂಗಡ ಪಡೆಯಿರಿ. ಗಿರಾಕಿ ನಡುವೆ ಮಾಯವಾದರೂ ಕೈಯಿಂದ ಹಣ ಹೋಗುವುದಿಲ್ಲ, ಬ್ಯಾಗು ಸಂತೆಯಲ್ಲಿ ಮಾರಾಟವಾಗುತ್ತದೆ. ಉಳಿದ 7,300 ಖಾತೆಗೆ ಬಂದದ್ದನ್ನು ನೋಡಿದ ಮೇಲೆ ಸಾಮಾನನ್ನು ಪಾರ್ಸೆಲ್ಲಿಗೆ ಹಾಕಿ. ‘ಕಳಿಸಿ, ತಲುಪಿದ ಮೇಲೆ ಕೊಡುತ್ತೇನೆ’ ಎಂದರೆ ನಮ್ಮ ಹಿರಿಯರ ಗಾದೆ ನೆನಪಿರಲಿ: ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಅಂಗಡಿಯವರು ಹೆಚ್ಚು ಪ್ರಮಾಣದಲ್ಲಿ ಸಾಲಕ್ಕೆ ಕೇಳಿದರೆ ಅವರ ಜಿ.ಎಸ್.ಟಿ. ಸಂಖ್ಯೆಯನ್ನು ಮೊದಲೇ ಹೇಳಿದಂತೆ ಪರೀಕ್ಷಿಸಿ, ಆ ಊರಿನಲ್ಲಿ ನಂಟರಿದ್ದರೆ ಅಂಗಡಿಯನ್ನು ಕಣ್ಣಾರೆ ನೋಡಿ ಬರಲು ಹೇಳಿ.

ಹಣ ಪಡೆಯುವ ಖಾತೆಯ ಬಗ್ಗೆಯೂ ಒಂದು ಮಾತು. ಸಂಘದ ಖಾತೆಯನ್ನು ಸಾಮಾನ್ಯವಾಗಿ ಇಬ್ಬರು ಮೂವರ ಜಂಟಿ ಸಹಿಯಿಂದ ನಡೆಸುವುದರಿಂದ ಯುಪಿಐಗೆ ಒಬ್ಬ ಸದಸ್ಯೆಯ ಸ್ವಂತ ಖಾತೆಯನ್ನೇ ಬಳಸುವ ರೂಢಿಯಿದೆ. ಹಾಗೆ ಮಾಡುವುದಾದರೆ ಆಕೆಯ ಮನೆಯ ಉಳಿತಾಯ, ಪಿಂಚಣಿ, ಸಾಲದ ಹಣ ಬರುವ ಖಾತೆ ಬೇಡ. ಬೇರೆ ಖಾತೆಯೊಂದನ್ನು ತೆರೆದು ಅದರಲ್ಲಿ ಮಾರಾಟದ ಹಣ ಮಾತ್ರ ಬರುವಂತೆ ಮಾಡಿ, ಪ್ರತಿ ವಾರ ಅದನ್ನು ಸಂಘದ ಖಾತೆಗೆ ಸೇರಿಸಿ. ಆಗ ಕಳ್ಳನು ಒಳಗೆ ಬಂದರೂ ಪೆಟ್ಟಿಗೆ ಬರಿದಾಗಿರುತ್ತದೆ. ಹಾಗೆಯೇ ಯಾವ ಗಿರಾಕಿಗೂ ಹಣ ಹಿಂದಿರುಗಿಸುವ ಮುನ್ನ ಇಬ್ಬರು ಸದಸ್ಯೆಯರು ಒಟ್ಟಿಗೆ ಕುಳಿತು ಬಾಕಿ ನೋಡಬೇಕೆಂದು ಸಭೆಯ ಪುಸ್ತಕದಲ್ಲಿ ಬರೆದಿಡಿ. ವಂಚಕನು ಒಬ್ಬರನ್ನು ಅವಸರಪಡಿಸಬಲ್ಲ. ಇಬ್ಬರು ಒಟ್ಟಿಗೆ ಇದ್ದಾಗ ಒಬ್ಬರಾದರೂ ‘ತಾಳಿ’ ಎನ್ನುತ್ತಾರೆ.

ಹಣ ಹೋಗಿಬಿಟ್ಟರೆ

ಕೂಡಲೇ 1930ಕ್ಕೆ ಫೋನ್ ಮಾಡಿ. ತಮಿಳುನಾಡಿನಲ್ಲಿದ್ದರೂ ಕರ್ನಾಟಕದಲ್ಲಿದ್ದರೂ ಸಂಖ್ಯೆ ಒಂದೇ. ತಮಿಳು ಚೆನ್ನಾಗಿ ಬಲ್ಲವರು ಹತ್ತಿರವಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಆದರೆ ಅವರಿಗಾಗಿ ಕಾಯುತ್ತಾ ಹೊತ್ತು ಕಳೆಯಬೇಡಿ. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನಿಮಿಷಗಳಲ್ಲಿ ಓಡುತ್ತದೆ. ಯಾವುದಾದರೂ ಖಾತೆಯಲ್ಲಿ ನಿಂತಿರುವಾಗಲೇ ತಿಳಿಸಿದರೆ ಬ್ಯಾಂಕು ಅದನ್ನು ತಡೆಹಿಡಿಯಬಲ್ಲದು. ಎ.ಟಿ.ಎಂ.ನಿಂದ ತೆಗೆದುಬಿಟ್ಟ ಮೇಲೆ ಸಿಗುವುದು ಕಷ್ಟ. ಫೋನ್ ಮಾಡುವಾಗ ಹಣ ಹೋದ ಸಮಯ, ಮೊತ್ತ, 12 ಅಂಕಿಯ ಸಂಖ್ಯೆ, ನಿಮ್ಮ ಬ್ಯಾಂಕಿನ ಹೆಸರು, ಅವನ ಫೋನ್ ನಂಬರ್ ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅವನ ಸಂದೇಶಗಳನ್ನು ಕೋಪದಿಂದ ಅಳಿಸಬೇಡಿ, ಅವೇ ಸಾಕ್ಷಿ. ಆ ಮೇಲೆ `cybercrime.gov.in` ತಾಣದಲ್ಲಿ ದೂರು ಬರೆಸಿ, ಬ್ಯಾಂಕಿಗೂ ಪೊಲೀಸ್ ಠಾಣೆಗೂ ತಿಳಿಸಿ. ಅದೇ ತಾಣದಲ್ಲಿ ಸಂಶಯ ಬಂದ ಫೋನ್ ನಂಬರ್, ಯುಪಿಐ ವಿಳಾಸಗಳ ಮೇಲೆ ಮೊದಲೇ ದೂರುಗಳಿವೆಯೇ ಎಂದು ವ್ಯವಹಾರಕ್ಕೆ ಮುನ್ನ ಹುಡುಕಿ ನೋಡಲೂ ಅನುಕೂಲವಿದೆ. ಆದರೆ ಅಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಅವನು ಒಳ್ಳೆಯವನೆಂದಲ್ಲ. ಅವರು ನಂಬರನ್ನು ಮತ್ತೆ ಮತ್ತೆ ಬದಲಾಯಿಸುತ್ತಾರೆ.

ಸಹಾಯದ ನಂಬರನ್ನು ಅಂತರ್ಜಾಲದಲ್ಲಿ ಹುಡುಕಬೇಡಿ. ಬ್ಯಾಂಕಿನದೆಂದು ಸುಳ್ಳು ನಂಬರುಗಳನ್ನು ಅಲ್ಲಿ ಹಾಕಿಟ್ಟವರಿದ್ದಾರೆ. ಪಾಸ್‌ಬುಕ್ಕಿನಲ್ಲೋ ಎ.ಟಿ.ಎಂ. ಕಾರ್ಡಿನ ಹಿಂಬದಿಯಲ್ಲೋ ಅಚ್ಚಾಗಿರುವ ನಂಬರನ್ನೇ ಬಳಸಿ. ‘ಕಳೆದ ಹಣ ತೆಗೆಸಿಕೊಡುತ್ತೇನೆ, ಸ್ವಲ್ಪ ಖರ್ಚು ಕೊಡಿ’ ಎಂದು ಬರುವವನು ಎರಡನೆಯ ಕಳ್ಳ.

ಸಭೆ ನಡೆಯುವ ಮನೆಯ ಗೋಡೆಗೆ ಬರೆದು ಅಂಟಿಸಲು:

1. ತಾಣದ ಯಜಮಾನನ ಹೆಸರು ಮೊದಲ ಓರೆಗೆರೆಗೆ ಮುಂಚೆ, ಕೊನೆಯಲ್ಲಿದೆ.
2. ಜಿ.ಎಸ್.ಟಿ.ಯಲ್ಲಿರುವ ಹೆಸರು, ಹಣ ಪಡೆಯುವವನ ಹೆಸರು ಎರಡೂ ಒಂದೇ ಆಗಿರಬೇಕು.
3. ಮಾರುವವರು ಸ್ಕ್ಯಾನ್ ಮಾಡುವುದಿಲ್ಲ, ಪಿನ್ ಒತ್ತುವುದಿಲ್ಲ.
4. ಎಸ್ಸೆಮ್ಮೆಸ್ ಹಣವಲ್ಲ. ಖಾತೆಯ ಬಾಕಿ ನೋಡಿದ ಮೇಲೆ ಪಾರ್ಸೆಲ್.
5. ಹೆಚ್ಚು ಬಂದ ಹಣ ಬ್ಯಾಂಕಿನ ಮೂಲಕವೇ ಹಿಂದಕ್ಕೆ.
6. ಹಣ ಹೋದರೆ ಮೊದಲು 1930, ಮಿಕ್ಕಿದ್ದು ಆಮೇಲೆ.